‘70 ಪರ್ಸೆಂಟ್ ಬ್ಲಾಕ್’ ಇದ್ದರೆ ಸ್ಟೆಂಟ್ ಬೇಕೇ ಬೇಕಾ? ಎಫ್‌ಎಫ್‌ಆರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಬಿಗಿಯುತ್ತದೆ ಎಂದು ಆಂಜಿಯೋಗ್ರಾಂ ಮಾಡಿಸಿಕೊಂಡವರಿಗಾಗಿ ಈ ಪುಟ. ರಿಪೋರ್ಟಿನಲ್ಲಿ 50, 60, 70 ಪರ್ಸೆಂಟ್ ಎಂದು ಬರೆದಿದ್ದಾರೆ. ಮನೆಯವರೆಲ್ಲ ಗಾಬರಿಯಾಗಿದ್ದಾರೆ. ಆಗ ಏನು ಕೇಳಬೇಕು, ಯಾವ ಉತ್ತರ ಸಿಗಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾರ್ಟ್ ಅಟ್ಯಾಕ್ ಆಗುತ್ತಿರುವ ಹೊತ್ತಿಗೆ ಈ ಲೆಕ್ಕ ಸಲ್ಲದು. ಆಗ ಮುಚ್ಚಿಹೋದ ರಕ್ತನಾಳವನ್ನು ತಡಮಾಡದೆ ತೆರೆಯಬೇಕು, ಅಷ್ಟೇ.

## ಎಫ್‌ಎಫ್‌ಆರ್ ಅಂದ್ರೆ ಏನು?

ಬ್ಲಾಕ್ ದಾಟಿದ ಮೇಲೆ ರಕ್ತದ ಒತ್ತಡ ಎಷ್ಟು ಉಳಿದಿದೆ ಎಂದು ಹೇಳುವ ಒಂದು ಸಂಖ್ಯೆ. ಹೃದಯದ ರಕ್ತನಾಳದೊಳಗೆ ಕೂದಲಿನಂಥ ತಂತಿಯೊಂದನ್ನು ಇಳಿಸಿ, ಬ್ಲಾಕಿನ ಆಚೆಗಿನ ಒತ್ತಡವನ್ನು ಅಳೆಯುತ್ತಾರೆ. ಅದನ್ನು ಬ್ಲಾಕಿನ ಈಚೆಗಿನ ಒತ್ತಡದಿಂದ ಭಾಗಿಸುತ್ತಾರೆ. ಮಾನಿಟರ್ ಮೇಲೆ ಕಾಣುವುದು ಹೀಗೆ:

FFR = Pd ÷ Pa

Pa ಎಂದರೆ ಮಹಾಧಮನಿಯಲ್ಲಿರುವ ಒತ್ತಡ. Pd ಎಂದರೆ ಬ್ಲಾಕಿನ ಆಚೆಗಿನ ಒತ್ತಡ. ರಕ್ತನಾಳ ಚೆನ್ನಾಗಿದ್ದರೆ ಎರಡೂ ಒಂದೇ, ಉತ್ತರ 1.00. ಆಚೆ ಕಡೆ ಕಾಲು ಭಾಗ ಒತ್ತಡ ಕಳೆದುಹೋಗಿದ್ದರೆ ಉತ್ತರ 0.75. ಇದರ ಅರ್ಥ ಇಷ್ಟೇ: ಹೃದಯ ಜೋರಾಗಿ ಕೆಲಸ ಮಾಡುವಾಗ ಆ ಭಾಗದ ಮಾಂಸಖಂಡಕ್ಕೆ ಸಿಗಬೇಕಾದ ರಕ್ತದಲ್ಲಿ ಮುಕ್ಕಾಲು ಪಾಲು ಮಾತ್ರ ಸಿಗುತ್ತಿದೆ.

ಸಾಮಾನ್ಯವಾಗಿ 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ರಕ್ತಕ್ಕೆ ಅಡ್ಡಿ ಮಾಡುತ್ತಿದೆ ಎಂದು ಲೆಕ್ಕ. ಅದಕ್ಕಿಂತ ಜಾಸ್ತಿ ಇದ್ದರೆ ಸ್ಟೆಂಟ್ ಇಲ್ಲದೆ, ಮಾತ್ರೆಗಳಲ್ಲೇ ನೋಡಿಕೊಳ್ಳಬಹುದು.

## ಆಂಜಿಯೋಗ್ರಾಂನಲ್ಲೇ ಬ್ಲಾಕ್ ಕಾಣುತ್ತಲ್ಲ, ಮತ್ತೆ ಇದು ಯಾಕೆ?

ಆಂಜಿಯೋಗ್ರಾಂನಲ್ಲಿ ಕಾಣುವುದು ನೆರಳು. ಡೈ ತುಂಬಿದ ನಾಳದ ಒಳಗಿನ ಆಕಾರ ಎಕ್ಸ್-ರೇ ಪರದೆಯ ಮೇಲೆ ಬೀಳುತ್ತದೆ. ಒಂದು ಕೋನದಿಂದ ನೋಡಿದರೆ 50 ಪರ್ಸೆಂಟ್ ಅನಿಸಿದ್ದು ಇನ್ನೊಂದು ಕೋನದಿಂದ 70 ಅನಿಸಬಹುದು. ಅದೇ ಚಿತ್ರವನ್ನು ಇಬ್ಬರು ಅನುಭವಿ ವೈದ್ಯರು ನೋಡಿ ಬೇರೆ ಬೇರೆ ಅಂಕಿ ಹೇಳುವುದೂ ಉಂಟು.

ಆ ಪರ್ಸೆಂಟ್ ಎಷ್ಟೇ ಸರಿಯಾಗಿದ್ದರೂ ಅದು ನಾಳ ಎಷ್ಟು ಕಿರಿದಾಗಿದೆ ಎಂದಷ್ಟೇ ಹೇಳುತ್ತದೆ. ರಕ್ತ ಎಷ್ಟು ಕಡಿಮೆ ಹೋಗುತ್ತಿದೆ ಎಂದು ಹೇಳುವುದಿಲ್ಲ. ಗದ್ದೆಗೆ ನೀರು ಬಿಡುವವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಎರಡು ಕಾಲುವೆಗಳಲ್ಲಿ ಒಂದೇ ಅಳತೆಯ ಕಲ್ಲು ಬಿದ್ದಿದೆ ಎಂದುಕೊಳ್ಳಿ. ಒಂದು ಕಾಲುವೆಯ ಕೆಳಗೆ ಒಂದು ಎಕರೆ ಇದೆ, ಇನ್ನೊಂದರ ಕೆಳಗೆ ಹತ್ತು ಎಕರೆ. ಒಂದು ಎಕರೆಯವನಿಗೆ ಕಲ್ಲು ಬಿದ್ದದ್ದು ಗೊತ್ತೇ ಆಗದಿರಬಹುದು. ಹತ್ತು ಎಕರೆಯವನ ಪೈರು ಒಣಗುತ್ತದೆ. ಹೃದಯದಲ್ಲೂ ಹೀಗೆಯೇ. ಎಡಭಾಗದ ಮುಂದಿನ ನಾಳ, ಅಂದರೆ ಎಲ್‌ಎಡಿ, ತುಂಬಾ ಮಾಂಸಖಂಡಕ್ಕೆ ರಕ್ತ ಕೊಡುತ್ತದೆ. ಅದರಲ್ಲಿನ 60 ಪರ್ಸೆಂಟ್ ಬ್ಲಾಕ್, ಸಣ್ಣ ಕವಲಿನಲ್ಲಿರುವ 75ಕ್ಕಿಂತ ಜಾಸ್ತಿ ತೊಂದರೆ ಕೊಡಬಹುದು. ಬ್ಲಾಕ್ ಎಷ್ಟು ಉದ್ದ ಇದೆ, ಪಕ್ಕದ ನಾಳದಿಂದ ಸಹಾಯಕ ಕವಲುಗಳು ಬೆಳೆದಿವೆಯೇ, ಆ ಭಾಗದ ಮಾಂಸಖಂಡ ಹಿಂದೆ ಅಟ್ಯಾಕ್ ಆಗಿ ಸತ್ತುಹೋಗಿದೆಯೇ ಎಂಬುದೂ ಮುಖ್ಯ. ಇದ್ಯಾವುದೂ ಪರ್ಸೆಂಟಿನಲ್ಲಿ ಇಲ್ಲ.

ಇದು ಬರೀ ವಾದ ಅಲ್ಲ. 2009ರಲ್ಲಿ ಪ್ರಕಟವಾದ ‘ಫೇಮ್’ ಎಂಬ ಅಧ್ಯಯನದಲ್ಲಿ ನೂರಾರು ಬ್ಲಾಕ್‌ಗಳ ಒತ್ತಡ ಅಳೆದರು. ಕಣ್ಣಿಗೆ 50ರಿಂದ 70 ಪರ್ಸೆಂಟ್ ಅನಿಸಿದ ಬ್ಲಾಕ್‌ಗಳಲ್ಲಿ ನಿಜವಾಗಿ ರಕ್ತಕ್ಕೆ ಅಡ್ಡಿ ಮಾಡುತ್ತಿದ್ದವು ಶೇ. 35 ಮಾತ್ರ. 71ರಿಂದ 90 ಅನಿಸಿದವುಗಳಲ್ಲಿ ಶೇ. 80. ಅಂದರೆ ‘ಜೋರಾಗಿದೆ’ ಎಂದು ಯಾರಿಗಾದರೂ ಅನಿಸುವ ಬ್ಲಾಕ್‌ಗಳಲ್ಲೂ ಐದರಲ್ಲಿ ಒಂದಕ್ಕೆ ಸ್ಟೆಂಟಿನ ಅಗತ್ಯ ಇರಲಿಲ್ಲ. 90 ದಾಟಿದವುಗಳಲ್ಲಿ ಮಾತ್ರ ಕಣ್ಣು ಹೇಳಿದ್ದು ಹೆಚ್ಚುಕಮ್ಮಿ ಪೂರ್ತಿ ಸರಿ: ಶೇ. 96.

## ಒತ್ತಡ ಅಳೆದರೆ ರಕ್ತದ ಹರಿವು ಹೇಗೆ ಗೊತ್ತಾಗುತ್ತೆ?

ಎಫ್‌ಎಫ್‌ಆರ್‌ನ ಜೀವಾಳ ಇರುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೀವು ಸುಮ್ನೆ ಕೂತಿರುವಾಗ ಹೃದಯಕ್ಕೆ ಬೇಕಾದ ರಕ್ತ ಕಡಿಮೆ. ದೊಡ್ಡ ನಾಳದಲ್ಲಿ ಬ್ಲಾಕ್ ಇದ್ದರೆ, ಮಾಂಸಖಂಡದೊಳಗಿನ ಸಣ್ಣ ಸಣ್ಣ ನಾಳಗಳು ಹಿಗ್ಗಿ ಆ ಕೊರತೆಯನ್ನು ತುಂಬಿಕೊಡುತ್ತವೆ. ಅದಕ್ಕೇ ಕೂತಾಗ ಏನೂ ಅನಿಸುವುದಿಲ್ಲ. ಮೆಟ್ಟಿಲು ಹತ್ತುವಾಗ ಹೃದಯಕ್ಕೆ ಮೂರು ನಾಲ್ಕು ಪಟ್ಟು ರಕ್ತ ಬೇಕಾಗುತ್ತದೆ. ಆದರೆ ಸಣ್ಣ ನಾಳಗಳು ಆಗಲೇ ಹಿಗ್ಗಿಬಿಟ್ಟಿವೆ. ಇನ್ನು ಹಿಗ್ಗಲು ಜಾಗ ಇಲ್ಲ. ಆಗ ಎದೆ ಬಿಗಿಯುತ್ತದೆ.

ಹಾಗಾಗಿ ಬ್ಲಾಕಿನ ನಿಜವಾದ ಬಣ್ಣ ಬಯಲಾಗುವುದು ಹರಿವು ಅತಿ ಹೆಚ್ಚು ಇರುವಾಗ. ಕ್ಯಾತ್ ಲ್ಯಾಬಿನ ಮೇಜಿನ ಮೇಲೆ ಮಲಗಿದವರನ್ನು ಮೆಟ್ಟಿಲು ಹತ್ತಿಸಲು ಆಗುವುದಿಲ್ಲ ಅಲ್ವಾ? ಬದಲಿಗೆ ಅಡಿನೋಸಿನ್ ಎಂಬ ಔಷಧಿ ಕೊಡುತ್ತಾರೆ. ಅದು ಸಣ್ಣ ನಾಳಗಳನ್ನೆಲ್ಲ ಪೂರ್ತಿ ಹಿಗ್ಗಿಸುತ್ತದೆ. ಆ ಸ್ಥಿತಿಯಲ್ಲಿ ಸಣ್ಣ ನಾಳಗಳ ತಡೆ ಅತಿ ಕಡಿಮೆಗೆ ಇಳಿದು, ಅಲ್ಲೇ ನಿಲ್ಲುತ್ತದೆ. ತಡೆ ಬದಲಾಗದೆ ನಿಂತರೆ ಹರಿವು ಒತ್ತಡವನ್ನೇ ಅನುಸರಿಸುತ್ತದೆ. ಒತ್ತಡ ಕಾಲು ಭಾಗ ಇಳಿದರೆ ಹರಿವೂ ಕಾಲು ಭಾಗ ಇಳಿಯುತ್ತದೆ. ಹರಿವನ್ನು ನೇರವಾಗಿ ಅಳೆಯುವುದು ಕಷ್ಟ, ಒತ್ತಡ ಅಳೆಯುವುದು ಸುಲಭ. ಎಫ್‌ಎಫ್‌ಆರ್ ಈ ಸುಲಭದ ದಾರಿ ಹಿಡಿಯುತ್ತದೆ.

ಔಷಧಿ ಸರಿಯಾಗಿ ಕೆಲಸ ಮಾಡದಿದ್ದರೆ ಈ ಲೆಕ್ಕವೇ ನಿಲ್ಲುವುದಿಲ್ಲ ಎಂಬುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

## ಇದನ್ನು ಯಾರು ಕಂಡುಹಿಡಿದರು?

ಒತ್ತಡ ಅಳೆಯುವ ಯೋಚನೆ ಬಲೂನ್ ಚಿಕಿತ್ಸೆಯಷ್ಟೇ ಹಳೆಯದು. 1977ರಲ್ಲಿ ಜ್ಯೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುನ್‌ಟ್ಸಿಗ್ ಮೊದಲ ಸಲ ಮನುಷ್ಯರ ಹೃದಯದ ನಾಳವನ್ನು ಬಲೂನಿನಿಂದ ಹಿಗ್ಗಿಸಿದಾಗಲೇ ಬ್ಲಾಕಿನ ಎರಡೂ ಬದಿಯ ಒತ್ತಡ ನೋಡುತ್ತಿದ್ದರು. ಆದರೆ ಅವರು ಅಳೆಯುತ್ತಿದ್ದುದು ಬಲೂನಿನ ಕೊಳವೆಯ ಮೂಲಕ. ಆ ಕೊಳವೆ ದಪ್ಪ. ಕಿರಿದಾದ ಜಾಗದಲ್ಲಿ ಅದೇ ಇನ್ನೊಂದು ಅಡ್ಡಿಯಾಗುತ್ತಿತ್ತು. ಅಂಕಿ ನಂಬುವ ಹಾಗಿರಲಿಲ್ಲ.

ಸೆನ್ಸರ್ ಇರುವ ತೆಳು ತಂತಿ ಬಂದ ಮೇಲೆ ದಾರಿ ತೆರೆಯಿತು. ನೆದರ್ಲೆಂಡ್ಸ್‌ನ ನಿಕೋ ಪೈಲ್ಸ್ ಮತ್ತು ಬೆಲ್ಜಿಯಂನ ಬರ್ನಾರ್ಡ್ ಡಿ ಬ್ರೌನ 1990ರ ದಶಕದಲ್ಲಿ ಈ ಲೆಕ್ಕವನ್ನು ಕಟ್ಟಿದರು. 1996ರಲ್ಲಿ ಅವರು 45 ಜನರ ಮೇಲೆ ಮಾಡಿದ ಪರೀಕ್ಷೆ ತುಂಬಾ ಅಚ್ಚುಕಟ್ಟಾಗಿತ್ತು. ಎಲ್ಲರಿಗೂ ಎದೆನೋವು ಇತ್ತು, ಮಧ್ಯಮ ಗಾತ್ರದ ಬ್ಲಾಕ್ ಇತ್ತು. ಎಫ್‌ಎಫ್‌ಆರ್ 0.75ಕ್ಕಿಂತ ಕಡಿಮೆ ಇದ್ದ 21 ಜನರಿಗೂ ಟ್ರೆಡ್‌ಮಿಲ್‌ನಂಥ ಬೇರೆ ಪರೀಕ್ಷೆಗಳಲ್ಲಿ ರಕ್ತದ ಕೊರತೆ ಕಂಡಿತು. ಅದಕ್ಕಿಂತ ಜಾಸ್ತಿ ಇದ್ದ 24 ಜನರಲ್ಲಿ 21 ಜನರಿಗೆ ಯಾವ ಪರೀಕ್ಷೆಯಲ್ಲೂ ಕೊರತೆ ಕಾಣಲಿಲ್ಲ.

## ಕ್ಯಾತ್ ಲ್ಯಾಬಿನೊಳಗೆ ಏನೇನು ಮಾಡ್ತಾರೆ?

ಆಂಜಿಯೋಗ್ರಾಂ ಮಾಡಿದ ಅದೇ ಮೇಜು. ಹೆಚ್ಚಿನ ಸಲ ಮಣಿಕಟ್ಟಿನ ಅದೇ ತೂತು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ನಾಳ ಸಂಕುಚಿಸಿ ಮೋಸ ಮಾಡಬಾರದು ಎಂದು ನೈಟ್ರೋಗ್ಲಿಸರಿನ್ ಅನ್ನು ನೇರ ನಾಳಕ್ಕೇ ಬಿಡುತ್ತಾರೆ.

ಆಮೇಲೆ ಪ್ರೆಷರ್ ವೈರ್. ಅದರ ದಪ್ಪ 0.014 ಇಂಚು, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಸ್ಟೆಂಟ್ ಹಾಕಲು ಬಳಸುವ ಸಾಮಾನ್ಯ ತಂತಿಯೂ ಇಷ್ಟೇ ದಪ್ಪ. ಹಾಗಾಗಿ ಸ್ಟೆಂಟ್ ಬೇಕೆಂದಾದರೆ ಇದೇ ತಂತಿಯ ಮೇಲೆ ಕೆಲಸ ಮುಂದುವರಿಸಬಹುದು. ಒತ್ತಡದ ಸೆನ್ಸರ್ ಇರುವುದು ತುದಿಯಲ್ಲಲ್ಲ, ತುದಿಯಿಂದ ಸುಮಾರು 3 ಸೆಂಟಿಮೀಟರ್ ಹಿಂದೆ.

ತಂತಿಯನ್ನು ಹೃದಯದ ನಾಳದ ಬಾಯಿಯವರೆಗೆ ಒಯ್ಯುವುದು ಗೈಡ್ ಕೊಳವೆ. ಮೊದಲು ಸೆನ್ಸರನ್ನು ಈ ಕೊಳವೆಯ ಬಾಯಿಯಲ್ಲೇ ನಿಲ್ಲಿಸುತ್ತಾರೆ. ಅಲ್ಲಿ ತಂತಿ ಅಳೆಯುವುದೂ, ಕೊಳವೆ ಅಳೆಯುವುದೂ ಒಂದೇ ಜಾಗದ ಒತ್ತಡ. ಮಾನಿಟರ್ ಮೇಲೆ ಕೆಂಪು ಗೆರೆ ಒಂದು, ಇನ್ನೊಂದು ಬಣ್ಣದ ಗೆರೆ ಒಂದು. ಎರಡನ್ನೂ ಒಂದರ ಮೇಲೊಂದು ಕೂರುವಂತೆ ಸಮ ಮಾಡುತ್ತಾರೆ. ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತರದೆ ತೂಗಬಾರದಲ್ಲ, ಇದೂ ಬಿಡುವಂತಿಲ್ಲದ ಹಂತ. ನಂತರ ತಂತಿಯನ್ನು ಬ್ಲಾಕ್ ದಾಟಿಸಿ ಸೆನ್ಸರನ್ನು ಸಾಕಷ್ಟು ಆಚೆ ನಿಲ್ಲಿಸುತ್ತಾರೆ. ಅಡಿನೋಸಿನ್ ಕೊಡುತ್ತಾರೆ. ಎರಡು ಗೆರೆಗಳು ನಿಧಾನವಾಗಿ ಬೇರೆಯಾಗುವುದು ಕಾಣುತ್ತದೆ. ಕೆಳಗಿನ ಗೆರೆ ಅತಿ ಕೆಳಗೆ ಇಳಿದು ನಿಂತಾಗ ಅಂಕಿ ಬರೆದುಕೊಳ್ಳುತ್ತಾರೆ.

ಕೊನೆಯ ಹೆಜ್ಜೆ ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ: ಸೆನ್ಸರನ್ನು ಮತ್ತೆ ಗೈಡ್ ಕೊಳವೆಯ ಬಾಯಿಗೆ ಎಳೆದು ತಂದು, ಎರಡು ಗೆರೆಗಳು ಈಗಲೂ ಒಂದಾಗುತ್ತವೆಯೇ ಎಂದು ನೋಡುವುದು. ಇದು ಯಾಕೆ ಇಷ್ಟು ಮುಖ್ಯ ಎಂದು ಕೆಳಗೆ ಹೇಳಿದ್ದೇನೆ.

## ಅಡಿನೋಸಿನ್ ಕೊಟ್ಟಾಗ ಏನನಿಸುತ್ತೆ? ಕಾಫಿ ಕುಡಿಯಬಾರದು ಅಂತಾರಲ್ಲ, ನಿಜವಾ?

ಎದೆ ಬಿಗಿದಂತೆ, ಉಸಿರು ಸಾಲದಂತೆ, ಮುಖ ಬಿಸಿಯಾದಂತೆ ಆಗಬಹುದು. ಒಳ್ಳೆಯ ತಂಡದಲ್ಲಿ ಇದನ್ನು ಮೊದಲೇ ಹೇಳುತ್ತಾರೆ: “ಅಮ್ಮಾ, ಈಗ ಔಷಧಿ ಬಿಡ್ತೀವಿ. ಎದೆ ಸ್ವಲ್ಪ ಹಿಡಿದ ಹಾಗೆ ಆಗುತ್ತೆ. ಹೆದರ್ಬೇಡಿ, ನಿಲ್ಲಿಸಿದ ತಕ್ಷಣ ಹೋಗಿಬಿಡುತ್ತೆ.” ನಿಜವಾಗಿಯೂ ಹೋಗಿಬಿಡುತ್ತದೆ. ರಕ್ತದಲ್ಲಿ ಅಡಿನೋಸಿನ್ ಉಳಿಯುವುದು ಕೆಲವೇ ಸೆಕೆಂಡು. ರಕ್ತನಾಳದ ಮೂಲಕ ಡ್ರಿಪ್‌ನಲ್ಲಿ ಕೊಡುವಾಗ ಪ್ರಮಾಣ, ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 140 ಮೈಕ್ರೋಗ್ರಾಂ. ಹೃದಯದ ನಾಳಕ್ಕೇ ನೇರ ಕೊಟ್ಟರೆ ಇದಕ್ಕಿಂತ ತುಂಬಾ ಕಡಿಮೆ ಸಾಕು. ಹಾಗೆ ಕೊಟ್ಟಾಗ ನಾಡಿ ಒಂದೆರಡು ಕ್ಷಣ ನಿಧಾನವಾಗಬಹುದು. ಜೋರು ಅಸ್ತಮಾ ಇರುವವರು ಮೊದಲೇ ಹೇಳಬೇಕು. ಅವರಿಗೆ ಅಡಿನೋಸಿನ್ ಒಳ್ಳೆಯದಲ್ಲ.

ಕಾಫಿಯ ಮಾತು ನಿಜ. ನಮ್ಮ ಕಡೆ ಇದನ್ನು ಒತ್ತಿ ಹೇಳಬೇಕು. ಅಡಿನೋಸಿನ್ ಹೋಗಿ ಕೂರುವ ಜಾಗದಲ್ಲೇ ಕೆಫೀನ್ ಹೋಗಿ ಕೂತಿರುತ್ತದೆ. ಬೆಳಗ್ಗೆ ಒಂದು ಲೋಟ ಗಟ್ಟಿ ಫಿಲ್ಟರ್ ಕಾಫಿ ಕುಡಿದು ಬಂದವರಲ್ಲಿ ಔಷಧಿ ಪೂರ್ತಿ ಕೆಲಸ ಮಾಡದೆ ಹೋಗಬಹುದು. ಸಣ್ಣ ನಾಳಗಳು ಪೂರ್ತಿ ಹಿಗ್ಗುವುದಿಲ್ಲ. ಎಫ್‌ಎಫ್‌ಆರ್ ನಿಜಕ್ಕಿಂತ ಜಾಸ್ತಿ ಬರುತ್ತದೆ. ತೊಂದರೆ ಇರುವ ಬ್ಲಾಕ್ ‘ಪರವಾಗಿಲ್ಲ’ ಎಂದು ಕಾಣಿಸಿಕೊಳ್ಳುತ್ತದೆ. ಅದಕ್ಕೇ ಹಿಂದಿನ ದಿನದಿಂದ ಕಾಫಿ, ಟೀ, ಕೋಲಾ ಬಿಡಲು ಹೇಳುತ್ತಾರೆ. ಕುಡಿದಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ. ಉಬ್ಬಸಕ್ಕೆ ತೆಗೆದುಕೊಳ್ಳುವ ಥಿಯೋಫಿಲಿನ್ ಮಾತ್ರೆಯೂ ಹೀಗೆಯೇ ಅಡ್ಡ ಬರುತ್ತದೆ.

## ಒಂದು ಉದಾಹರಣೆ ಲೆಕ್ಕ ಹಾಕಿ ತೋರಿಸ್ತೀರಾ?

56 ವರ್ಷದ ಅಂಗಡಿ ಮಾಲೀಕರೊಬ್ಬರನ್ನು ಊಹಿಸಿಕೊಳ್ಳಿ. ಕೆಲವು ತಿಂಗಳಿಂದ ಗೋಡೌನಿನ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ. ನಿಂತರೆ ಸರಿಹೋಗುತ್ತದೆ. ಆಂಜಿಯೋಗ್ರಾಂನಲ್ಲಿ ಎರಡು ಬ್ಲಾಕ್: ಬಲ ನಾಳದಲ್ಲಿ ಶೇ. 75, ಎಲ್‌ಎಡಿಯ ಮಧ್ಯದಲ್ಲಿ ಶೇ. 60. ಚಿತ್ರ ನೋಡಿದ ಯಾರಾದರೂ ‘ಬಲಗಡೆಯದ್ದು ಜೋರಾಗಿದೆ, ಅದಕ್ಕೆ ಸ್ಟೆಂಟ್ ಹಾಕೋಣ, ಇನ್ನೊಂದನ್ನು ನೋಡೋಣ’ ಎನ್ನಬಹುದು.

ಬಲ ನಾಳವನ್ನು ಮೊದಲು ಅಳೆದರು. ಔಷಧಿಗೆ ಮುಂಚೆ Pa 94, Pd 90. ಅಡಿನೋಸಿನ್ ಕೊಟ್ಟ ಮೇಲೆ Pa 86, Pd 73. ಭಾಗಿಸಿದರೆ 0.85. 0.80ರ ಗೆರೆಗಿಂತ ಮೇಲಿದೆ.

ಎಲ್‌ಎಡಿಯಲ್ಲಿ ಔಷಧಿಗೆ ಮುಂಚೆ Pa 95, Pd 87. ಅಲ್ಲಿಗೆ 0.92, ಅಷ್ಟೇನೂ ಕೆಟ್ಟದ್ದಲ್ಲ. ಅಡಿನೋಸಿನ್ ಕೊಟ್ಟ ಮೇಲೆ Pa 85, Pd 62. ಭಾಗಿಸಿದರೆ 0.73. ಎದೆ ಬಿಗಿಸುತ್ತಿದ್ದುದು ಇದೇ.

ಯಾಕೆ ಹೀಗೆ? ಇವರ ಬಲ ನಾಳ ಚಿಕ್ಕದು. ಅದು ರಕ್ತ ಕೊಡುವ ಮಾಂಸಖಂಡವೂ ಕಡಿಮೆ. ಬ್ಲಾಕ್ ಬಿಗಿಯಾಗಿದ್ದರೂ ಗಿಡ್ಡ. ಎಲ್‌ಎಡಿಯ ಬ್ಲಾಕ್ ಕಣ್ಣಿಗೆ ಸಾಧಾರಣ ಅನಿಸಿದರೂ ಉದ್ದವಾಗಿದೆ. ಅದರ ಕೆಳಗೆ ಹೃದಯದ ಇಡೀ ಮುಂಭಾಗ ಇದೆ. ಹರಿವು ಜೋರಾದಷ್ಟೂ ಉದ್ದ ಬ್ಲಾಕಿನಲ್ಲಿ ತಿಕ್ಕಾಟ ಹೆಚ್ಚಿ ಒತ್ತಡ ಸೋರಿಹೋಗುತ್ತದೆ.

ಎಲ್‌ಎಡಿಗೆ ಒಂದು ಸ್ಟೆಂಟ್ ಹಾಕಿದರು. ಮತ್ತೆ ಅಳೆದಾಗ Pa 84, Pd 77, ಅಂದರೆ 0.92. ಬಲ ನಾಳವನ್ನು ಹಾಗೇ ಬಿಟ್ಟು ಮಾತ್ರೆ ಮುಂದುವರಿಸಿದರು. ಚಿತ್ರ ಮಾತ್ರ ನೋಡಿದ್ದರೆ ಸ್ಟೆಂಟ್ ತಪ್ಪು ನಾಳಕ್ಕೆ ಹೋಗುತ್ತಿತ್ತು, ಇಲ್ಲವೇ ಎರಡಕ್ಕೂ ಬೀಳುತ್ತಿತ್ತು.

## 0.80 ಎಂಬ ಗೆರೆ ಎಷ್ಟು ಗಟ್ಟಿ? ನನಗೆ 0.79 ಬಂದಿದೆ.

ಮೊದಲ ಅಧ್ಯಯನಗಳಲ್ಲಿ ಗೆರೆ ಇದ್ದದ್ದು 0.75ಕ್ಕೆ. ತೊಂದರೆ ಇರುವ ಬ್ಲಾಕ್ ತಪ್ಪಿಹೋಗಬಾರದು ಎಂದು ಮುಂದೆ ಅದನ್ನು 0.80ಕ್ಕೆ ಏರಿಸಿದರು. 0.75ರಿಂದ 0.80ರ ನಡುವಿನದು ಮಬ್ಬು ಜಾಗ. ಅಲ್ಲಿ ಅಂಕಿಗಿಂತ ರೋಗಿಯ ಮಾತಿಗೆ ತೂಕ ಜಾಸ್ತಿ. ಒಬ್ಬರನ್ನೇ ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದರೆ 0.79 ಇದ್ದದ್ದು 0.81 ಆಗಬಹುದು.

ಅದಕ್ಕೆ ನನ್ನ ಅಭಿಪ್ರಾಯ ಇದು. ಎದೆ ಬಿಗಿತ ಸ್ಪಷ್ಟವಾಗಿದೆ, ಮಾತ್ರೆ ತೆಗೆದುಕೊಂಡರೂ ನಿಂತಿಲ್ಲ, ಬ್ಲಾಕ್ ಎಲ್‌ಎಡಿಯ ಮೇಲ್ಭಾಗದಲ್ಲಿದೆ ಎಂದಾದರೆ 0.79ಕ್ಕೆ ಸ್ಟೆಂಟ್ ಸರಿ. ನೋವೇ ಇಲ್ಲ, ಬೇರಾವುದೋ ಕಾರಣಕ್ಕೆ ಮಾಡಿದ ಆಂಜಿಯೋಗ್ರಾಂನಲ್ಲಿ ಸಣ್ಣ ಕವಲಿನ ಬ್ಲಾಕ್ ಕಂಡಿತು ಎಂದಾದರೆ ಅದೇ 0.79ಕ್ಕೆ ಅವಸರ ಬೇಡ. 0.65 ಬಂದರೆ ಇಷ್ಟೆಲ್ಲ ಯೋಚಿಸಬೇಕಾಗಿಲ್ಲ. 0.90 ಬಂದರೂ ಅಷ್ಟೇ.

## ಬ್ಲಾಕ್ ಇದ್ದೂ ಸ್ಟೆಂಟ್ ಹಾಕದೆ ಬಿಟ್ಟರೆ ಮುಂದೆ ಹಾರ್ಟ್ ಅಟ್ಯಾಕ್ ಆಗಲ್ವಾ?

ಎಲ್ಲರೂ ಕೇಳುವ, ಕೇಳಲೇಬೇಕಾದ ಪ್ರಶ್ನೆ. ಬ್ಲಾಕ್ ಇದೆ ಎಂದು ಗೊತ್ತಿದ್ದೂ ಮನೆಗೆ ಕಳಿಸಿದರೆ ನಿದ್ದೆ ಬರುವುದು ಹೇಗೆ?

‘ಡಿಫರ್’ ಎಂಬ ಅಧ್ಯಯನ ಇದನ್ನೇ ಪರೀಕ್ಷಿಸಿತು. ಎಫ್‌ಎಫ್‌ಆರ್ 0.75 ಅಥವಾ ಅದಕ್ಕಿಂತ ಹೆಚ್ಚಿದ್ದ 181 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಲೂನ್ ಅಥವಾ ಸ್ಟೆಂಟ್, ಇನ್ನೊಂದು ಗುಂಪಿಗೆ ಮಾತ್ರೆ ಮಾತ್ರ. 5 ವರ್ಷದಲ್ಲಿ ಹೃದಯದಿಂದ ಸಾವು ಅಥವಾ ಹಾರ್ಟ್ ಅಟ್ಯಾಕ್ ಆದದ್ದು ಮಾತ್ರೆಯ ಗುಂಪಿನಲ್ಲಿ ಶೇ. 3.3, ಸ್ಟೆಂಟಿನ ಗುಂಪಿನಲ್ಲಿ ಶೇ. 7.9. ಸಣ್ಣ ಅಧ್ಯಯನ ಆದ್ದರಿಂದ ಈ ವ್ಯತ್ಯಾಸವನ್ನೇ ದೊಡ್ಡದು ಮಾಡಬಾರದು. ಆದರೆ ಸ್ಟೆಂಟ್ ಹಾಕದೆ ಬಿಟ್ಟವರಿಗೆ ನಷ್ಟವಾಗಲಿಲ್ಲ ಎಂಬುದು ಖಚಿತ. 15 ವರ್ಷ ಹಿಂಬಾಲಿಸಿ ನೋಡಿದಾಗಲೂ ಅವರಲ್ಲಿ ಹಾರ್ಟ್ ಅಟ್ಯಾಕ್ ಕಡಿಮೆಯೇ ಇತ್ತು.

ಮೇಲೆ ಹೇಳಿದ ‘ಫೇಮ್’ನಲ್ಲಿ ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಬ್ಲಾಕ್ ಇದ್ದ 1,005 ಜನರಿದ್ದರು. ಕಣ್ಣಳತೆಯಲ್ಲಿ ಹಾಕಿದ ಗುಂಪಿನಲ್ಲಿ ಒಬ್ಬೊಬ್ಬರಿಗೆ ಸರಾಸರಿ 2.7 ಸ್ಟೆಂಟ್ ಬಿತ್ತು. ಒತ್ತಡ ಅಳೆದು ಹಾಕಿದ ಗುಂಪಿನಲ್ಲಿ 1.9. ಒಂದು ವರ್ಷದೊಳಗೆ ಸಾವು, ಅಟ್ಯಾಕ್ ಅಥವಾ ಮತ್ತೊಮ್ಮೆ ಸ್ಟೆಂಟ್, ಬೈಪಾಸ್ ಬೇಕಾದದ್ದು ಮೊದಲ ಗುಂಪಿನಲ್ಲಿ ಶೇ. 18.3, ಎರಡನೆಯದರಲ್ಲಿ ಶೇ. 13.2. ಸ್ಟೆಂಟ್ ಕಡಿಮೆ ಬಿದ್ದ ಕಡೆ ಫಲಿತಾಂಶ ಚೆನ್ನಾಗಿತ್ತು.

ಯಾಕೆಂದರೆ ಸ್ಟೆಂಟ್ ಎಂದರೆ ನಾಳದೊಳಗೆ ಜೀವನಪೂರ್ತಿ ಉಳಿಯುವ ಲೋಹ. ಅದರೊಳಗೆ ರಕ್ತ ಹೆಪ್ಪುಗಟ್ಟಬಹುದು, ಮತ್ತೆ ಕಿರಿದಾಗಬಹುದು. ಹೆಪ್ಪುಗಟ್ಟದಂತೆ ತಿಂಗಳುಗಟ್ಟಲೆ ಎರಡು ಮಾತ್ರೆ ನುಂಗಬೇಕು. ಲಾಭ ಇರುವ ಕಡೆ ಈ ಅಪಾಯ ಹೊರುವುದರಲ್ಲಿ ಅರ್ಥವಿದೆ. ರಕ್ತ ಚೆನ್ನಾಗಿ ಹೋಗುತ್ತಿರುವ ನಾಳದಲ್ಲಿ ಇಲ್ಲ.

ಇದರ ಮಿತಿಯನ್ನೂ ಹೇಳಬೇಕು. ಎಫ್‌ಎಫ್‌ಆರ್ ಇವತ್ತಿನ ಹರಿವನ್ನು ಹೇಳುತ್ತದೆ. ಕೊಬ್ಬಿನ ಪೊರೆ ನಾಳೆ ಒಡೆಯುತ್ತದೆಯೇ ಎಂದು ಹೇಳುವುದಿಲ್ಲ. 2024ರಲ್ಲಿ ಪ್ರಕಟವಾದ ‘ಪ್ರಿವೆಂಟ್’ ಅಧ್ಯಯನದಲ್ಲಿ, ಎಫ್‌ಎಫ್‌ಆರ್ ಚೆನ್ನಾಗಿದ್ದರೂ ಒಡೆಯುವ ಲಕ್ಷಣ ಇದ್ದ ಬ್ಲಾಕ್‌ಗಳನ್ನು ನಾಳದೊಳಗಿನ ಕ್ಯಾಮೆರಾದಂಥ ಉಪಕರಣಗಳಿಂದ ಹುಡುಕಿ ಸ್ಟೆಂಟ್ ಹಾಕಿದಾಗ ತೊಂದರೆಗಳು ಕಡಿಮೆಯಾದವು. ಆದರೆ ಹಾಕದೆ ಬಿಟ್ಟವರಲ್ಲೂ 2 ವರ್ಷದಲ್ಲಿ ತೊಂದರೆಯಾದದ್ದು ಶೇ. 3.4 ಜನರಿಗೆ ಮಾತ್ರ. ಹಾಗಾಗಿ ಇನ್ನೂ ಎಲ್ಲರಿಗೂ ಇದನ್ನು ಮಾಡಬೇಕು ಎನ್ನುವ ಹಂತ ಬಂದಿಲ್ಲ. ಪೊರೆ ಒಡೆಯದಂತೆ ಕಾಯುವ ಕೆಲಸ ಹೆಚ್ಚಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯದು. ಸ್ಟೆಂಟ್ ತಪ್ಪಿತು ಎಂದು ಖುಷಿಯಲ್ಲಿ ಸ್ಟ್ಯಾಟಿನ್ ಬಿಟ್ಟವರಿಗೆ ಎಫ್‌ಎಫ್‌ಆರ್‌ನಿಂದ ಯಾವ ರಕ್ಷಣೆಯೂ ಇಲ್ಲ.

## ಹಾಗಾದರೆ 0.80ಕ್ಕಿಂತ ಕಡಿಮೆ ಬಂದರೆ ಸ್ಟೆಂಟ್ ಹಾಕಲೇಬೇಕಾ?

ಹಾಕಬಹುದು, ಹಾಕಿದರೆ ಲಾಭ ಇದೆ ಎಂದು ಅರ್ಥ. ಇವತ್ತೇ ಹಾಕದಿದ್ದರೆ ಜೀವ ಹೋಗುತ್ತದೆ ಎಂದು ಅರ್ಥವಲ್ಲ. 2012ರ ‘ಫೇಮ್ 2’ನಲ್ಲಿ ಎಫ್‌ಎಫ್‌ಆರ್ ಕಡಿಮೆ ಇದ್ದ 888 ಜನರಲ್ಲಿ ಅರ್ಧದಷ್ಟು ಜನರಿಗೆ ಸ್ಟೆಂಟ್ ಹಾಕಿ, ಉಳಿದವರಿಗೆ ಮಾತ್ರೆ ಮಾತ್ರ ಕೊಟ್ಟರು. ತುರ್ತಾಗಿ ಆಸ್ಪತ್ರೆಗೆ ಬಂದು ನಾಳ ತೆರೆಸಿಕೊಳ್ಳಬೇಕಾದವರು ಸ್ಟೆಂಟ್ ಗುಂಪಿನಲ್ಲಿ ಶೇ. 1.6, ಮಾತ್ರೆಯ ಗುಂಪಿನಲ್ಲಿ ಶೇ. 11.1. ಈ ಅಂತರ ಕಂಡು ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಆದರೆ ಸಾವಿನ ಲೆಕ್ಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಆದ್ದರಿಂದ ನೋವು ಹಿಡಿತದಲ್ಲಿದ್ದರೆ ಕುಳಿತು ಯೋಚಿಸಲು ಸಮಯ ಇದೆ. ‘ಈಗಲೇ ಸಹಿ ಹಾಕಿ’ ಎಂದು ಮೇಜಿನ ಮೇಲೆ ಮಲಗಿರುವಾಗ ಒತ್ತಾಯ ಬಂದರೆ, ‘ಎಫ್‌ಎಫ್‌ಆರ್ ಎಷ್ಟು ಬಂತು ಸರ್?’ ಎಂದು ಮನೆಯವರು ಕೇಳುವುದರಲ್ಲಿ ತಪ್ಪೇನಿಲ್ಲ. ಎಡ ಮುಖ್ಯ ನಾಳದ ಬ್ಲಾಕ್, ಮೂರೂ ನಾಳಗಳ ಬ್ಲಾಕ್ ಇರುವವರ ಲೆಕ್ಕ ಬೇರೆ. 2022ರ ‘ಫೇಮ್ 3’ನಲ್ಲಿ ಮೂರು ನಾಳದ ಬ್ಲಾಕ್ ಇದ್ದವರಿಗೆ ಎಫ್‌ಎಫ್‌ಆರ್ ನೋಡಿ ಹಾಕಿದ ಸ್ಟೆಂಟ್ ಕೂಡ ಬೈಪಾಸಿಗೆ ಸರಿಸಾಟಿ ಎಂದು ತೋರಿಸಲು ಆಗಲಿಲ್ಲ.

## ಅಳತೆಯೇ ತಪ್ಪಾಗುವ ಸಾಧ್ಯತೆ ಇದೆಯಾ?

ಇದೆ. ಅದು ಗೊತ್ತಾಗುವ ದಾರಿಯೂ ಇದೆ.

ಸಾಮಾನ್ಯವಾಗಿ ಆಗುವುದು ಸೆನ್ಸರ್ ಜಾರುವುದು. ಶುರುವಿನಲ್ಲಿ ಸಮ ಮಾಡಿದ ಗೆರೆಗಳು ಕೆಲಸದ ಮಧ್ಯೆ ತಾವಾಗಿ ಬೇರೆಯಾಗುತ್ತವೆ. ಬ್ಲಾಕಿನ ಆಚೆ 0.78 ಬಂತು ಎಂದುಕೊಳ್ಳಿ. ತಂತಿಯನ್ನು ಗೈಡ್ ಬಾಯಿಗೆ ಎಳೆದು ತಂದಾಗ 1.00 ಬರಬೇಕಾದ ಕಡೆ 0.95 ಬಂತು. ಅಂದರೆ ಬ್ಲಾಕಿನ ನಿಜವಾದ ಅಂಕಿ 0.82, 0.83ರ ಸುತ್ತ ಇದೆ. ಸ್ಟೆಂಟ್ ಬೇಡದ ಕಡೆ ಬೀಳುವುದು ಹೀಗೆ. 0.97ರಿಂದ 1.03ರೊಳಗೆ ಬಂದರೆ ಒಪ್ಪಬಹುದು. ಅದಕ್ಕಿಂತ ಹೆಚ್ಚು ಜಾರಿದ್ದರೆ ಮತ್ತೆ ಸಮ ಮಾಡಿ ಮತ್ತೆ ಅಳೆಯಬೇಕು. ಗೆರೆಯ ಆಕಾರದಲ್ಲೂ ಸುಳಿವು ಸಿಗುತ್ತದೆ. ನಿಜವಾದ ಬ್ಲಾಕ್ ಆಚೆಗಿನ ಅಲೆಯನ್ನೇ ಬದಲಿಸುತ್ತದೆ. ಇಳಿಜಾರಿನಲ್ಲಿ ಕಾಣುವ ಸಣ್ಣ ಕಚ್ಚು ಮಾಯವಾಗುತ್ತದೆ. ಸೆನ್ಸರ್ ಜಾರಿದ್ದರೆ ಅಲೆ ಕಚ್ಚಿನ ಸಮೇತ ಹಾಗೇ ಇರುತ್ತದೆ, ಇಡಿಯಾಗಿ ಕೆಳಗೆ ಕೂತಿರುತ್ತದೆ ಅಷ್ಟೇ.

ಎರಡನೆಯದು ಗೈಡ್ ಕೊಳವೆಯ ತಪ್ಪು. ಕೊಳವೆ ನಾಳದ ಬಾಯಿಗೆ ತೀರಾ ಬಿಗಿಯಾಗಿ ಕೂತರೆ ಅದೇ ರಕ್ತಕ್ಕೆ ಅಡ್ಡಿಯಾಗುತ್ತದೆ. Pa ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಎಫ್‌ಎಫ್‌ಆರ್ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಅಳೆಯುವಾಗ ಕೊಳವೆಯನ್ನು ಸ್ವಲ್ಪ ಹಿಂದೆ ಸರಿಸಿದರೆ ಸರಿಹೋಗುತ್ತದೆ. ಮೂರನೆಯದು ಆಗಲೇ ಹೇಳಿದ್ದು: ಕಾಫಿಯಿಂದಲೋ, ಡ್ರಿಪ್ ಸರಿಯಾಗಿ ಹೋಗದೆಯೋ ಅಡಿನೋಸಿನ್ ಪೂರ್ತಿ ಕೆಲಸ ಮಾಡದಿರುವುದು.

## ಒಂದೇ ನಾಳದಲ್ಲಿ ಎರಡು ಮೂರು ಬ್ಲಾಕ್ ಇದ್ದರೆ?

ಆಗ ಕೊನೆಯಲ್ಲಿ ಬರುವ ಅಂಕಿ ಎಲ್ಲ ಬ್ಲಾಕ್‌ಗಳ ಒಟ್ಟು ಲೆಕ್ಕ. ಯಾವುದು ಎಷ್ಟು ಎಂದು ಬಿಡಿಸಲು, ಅಡಿನೋಸಿನ್ ಡ್ರಿಪ್ ನಡೆಯುತ್ತಿರುವಾಗಲೇ ತಂತಿಯನ್ನು ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾರೆ. ಒಂದು ಜಾಗದಲ್ಲಿ ಒತ್ತಡ ಮೆಟ್ಟಿಲಿನ ಹಾಗೆ ಥಟ್ಟನೆ ಏರಿದರೆ ತೊಂದರೆ ಅಲ್ಲಿದೆ, ಅಲ್ಲಿ ಸ್ಟೆಂಟ್ ಹಾಕಿದರೆ ಉಪಯೋಗ. ಎಲ್ಲೂ ಮೆಟ್ಟಿಲು ಕಾಣದೆ ನಾಳದುದ್ದಕ್ಕೂ ಒಂದೇ ಸಮ ಏರುತ್ತಾ ಬಂದರೆ ನಾಳವೆಲ್ಲ ಸವೆದಿದೆ ಎಂದರ್ಥ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಆಗಾಗ ಕಾಣುತ್ತದೆ. ಅಂಥ ಕಡೆ ಅಂಕಿ 0.76 ಇದ್ದರೂ ಒಂದು ಸ್ಟೆಂಟಿನಿಂದ ಹೆಚ್ಚೇನೂ ಸಿಗುವುದಿಲ್ಲ.

ಎರಡು ಸ್ಪಷ್ಟ ಮೆಟ್ಟಿಲು ಇದ್ದರೆ ದೊಡ್ಡದಕ್ಕೆ ಮೊದಲು ಹಾಕಿ, ಮತ್ತೆ ಅಳೆಯಬೇಕು. ಒಂದನ್ನು ತೆರೆದ ಮೇಲೆ ಹರಿವು ಹೆಚ್ಚಿ ಇನ್ನೊಂದರ ಪ್ರಭಾವ ಮೊದಲಿಗಿಂತ ದೊಡ್ಡದಾಗಿ ಕಾಣುವುದುಂಟು.

## ಎಫ್‌ಎಫ್‌ಆರ್ ಚೆನ್ನಾಗಿದೆ ಅಂದ್ರು. ಆದರೂ ಎದೆನೋವು ನಿಂತಿಲ್ಲ, ಯಾಕೆ?

ಎಫ್‌ಎಫ್‌ಆರ್ ಪರೀಕ್ಷಿಸುವುದು ದೊಡ್ಡ ನಾಳಗಳನ್ನು. ಮಾಂಸಖಂಡದೊಳಗಿನ ಸಣ್ಣ ನಾಳಗಳೇ ಸರಿಯಾಗಿ ಹಿಗ್ಗದಿದ್ದರೆ ಎಫ್‌ಎಫ್‌ಆರ್ ಒಳ್ಳೆಯದೇ ಬರುತ್ತದೆ, ನೋವು ಮಾತ್ರ ಇರುತ್ತದೆ. ಹೆಂಗಸರಲ್ಲಿ ಇದು ಜಾಸ್ತಿ. ‘ಎಲ್ಲ ಸರಿಯಿದೆ, ಮನಸ್ಸಿಗೆ ಹಚ್ಕೋಬೇಡಿ’ ಎಂದು ಅವರನ್ನು ಕಳಿಸಿಬಿಡುವುದು ಅನ್ಯಾಯ. ಸಣ್ಣ ನಾಳಗಳನ್ನು ಪರೀಕ್ಷಿಸುವ ಬೇರೆ ಅಳತೆಗಳಿವೆ, ಅದಕ್ಕೆ ಬೇರೆ ಮಾತ್ರೆಗಳಿವೆ. ಕೇಳಿ ಮಾಡಿಸಿಕೊಳ್ಳಿ.

## ಅಡಿನೋಸಿನ್ ಇಲ್ಲದೆ, ತಂತಿ ಇಲ್ಲದೆ ಅಳೆಯಲು ಆಗಲ್ವಾ?

ಔಷಧಿ ಇಲ್ಲದೆ ಅಳೆಯುವುದು ‘ಐಎಫ್‌ಆರ್’. ಇದಕ್ಕೂ ತಂತಿ ಬೇಕು, ಆದರೆ ಹೃದಯ ಸಡಿಲವಾಗುವ ಒಂದು ಚಿಕ್ಕ ಕ್ಷಣದ ಒತ್ತಡ ನೋಡುತ್ತಾರೆ. ಇದರ ಗೆರೆ 0.89. ಎಫ್‌ಎಫ್‌ಆರ್‌ನ 0.80 ಜೊತೆ ಇದನ್ನು ಹೋಲಿಸಬೇಡಿ. ನಿಮ್ಮ ರಿಪೋರ್ಟಿನಲ್ಲಿ 0.86 ಎಂದಿದ್ದರೆ ಅದು ಯಾವ ಅಳತೆ ಎಂದು ಮೊದಲು ನೋಡಿ. ಎಫ್‌ಎಫ್‌ಆರ್ ಆಗಿದ್ದರೆ ನಿರಾಳ, ಐಎಫ್‌ಆರ್ ಆಗಿದ್ದರೆ ಬ್ಲಾಕ್ ತೊಂದರೆ ಕೊಡುತ್ತಿದೆ. ಸಿ.ಟಿ. ಸ್ಕ್ಯಾನ್ ಅಥವಾ ಆಂಜಿಯೋಗ್ರಾಂ ಚಿತ್ರದಿಂದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನಗಳೂ ಇವೆ. ಆದರೆ ಚಿತ್ರದಿಂದ ಲೆಕ್ಕ ಹಾಕುವ ಒಂದು ವಿಧಾನವನ್ನು ಯುರೋಪಿನಲ್ಲಿ ಎಫ್‌ಎಫ್‌ಆರ್ ತಂತಿಯ ಎದುರು ಇಟ್ಟು ನೋಡಿದಾಗ, 2024ರ ಫಲಿತಾಂಶದಲ್ಲಿ ತಂತಿಯೇ ಮೇಲಾಯಿತು.

## ಖರ್ಚು ಹೇಗೆ? ರಿಪೋರ್ಟಿನಲ್ಲಿ ಏನು ನೋಡಬೇಕು?

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧಿ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಆ ಆದೇಶ ಸ್ಟೆಂಟಿಗೆ ಮಾತ್ರ. ಪ್ರೆಷರ್ ವೈರಿಗೆ ಬೇರೆ ಬಿಲ್ ಬರುತ್ತದೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ದರ ಬೇರೆ. ವಿಮೆ ಇರುವವರು ‘ಆಂಜಿಯೋಗ್ರಾಂ ಜೊತೆ ಎಫ್‌ಎಫ್‌ಆರ್ ಮಾಡಿದರೆ ಕವರ್ ಆಗುತ್ತಾ?’ ಎಂದು ಭರ್ತಿಯಾಗುವ ಮೊದಲೇ ಕೇಳಿ. ಒಂದೇ ತಂತಿಯಲ್ಲಿ ಅದೇ ಹೊತ್ತಿಗೆ ಎರಡು ಮೂರು ನಾಳ ಅಳೆಯಬಹುದು ಎಂಬುದು ಗೊತ್ತಿರಲಿ.

ರಿಪೋರ್ಟಿನಲ್ಲಿ ‘ಎಫ್‌ಎಫ್‌ಆರ್ ಪಾಸಿಟಿವ್’ ಎಂದಷ್ಟೇ ಬರೆದಿದ್ದರೆ ಸಾಲದು. ಯಾವ ನಾಳ, ಅಂಕಿ ಎಷ್ಟು, ಅಡಿನೋಸಿನ್ ಯಾವ ದಾರಿಯಲ್ಲಿ ಎಷ್ಟು ಕೊಟ್ಟರು, ತಂತಿ ಹಿಂದಕ್ಕೆ ತಂದಾಗ ಎಷ್ಟು ಬಂತು, ಸ್ಟೆಂಟ್ ಹಾಕಿದ ಮೇಲೆ ಎಷ್ಟಾಯಿತು, ಇಷ್ಟೂ ಇರಬೇಕು. ಮಾನಿಟರಿನ ಚಿತ್ರದ ಪ್ರಿಂಟ್ ಕೇಳಿ ಪಡೆದು ಫೈಲಿನಲ್ಲಿಡಿ. ಮುಂದೆ ಎರಡನೇ ಅಭಿಪ್ರಾಯಕ್ಕೆ ಹೋದಾಗ ವೈದ್ಯರು ಮೊದಲು ನೋಡುವುದು ಆ ಎರಡು ಗೆರೆಗಳನ್ನೇ.